ಚಿತ್ರದ ನೆಲ ಜಾರುವುದಿಲ್ಲ

ವೃದ್ಧರಿಗಾಗಿ ನೆಲಮಹಡಿಯಲ್ಲಿ ಮಲಗುವ ಕೋಣೆ, ಅದಕ್ಕೆ ಹೊಂದಿದ ಸ್ನಾನದ ಮನೆ: ಕಂಪ್ಯೂಟರ್ ಬರೆದುಕೊಡುವ ಚಿತ್ರದಲ್ಲಿ ಎಲ್ಲವೂ ಸುಂದರ. ಆದರೆ ಆ ಚಿತ್ರಕ್ಕೆ ಭಾರವಿಲ್ಲ, ನೀರಿಲ್ಲ, ಎಣ್ಣೆಯಿಲ್ಲ. ಬಂಡೆಯ ನಾಡಾದ ದೇವರಾಯಸಮುದ್ರದಲ್ಲಿ ಒಂದು ಮನೆ ಕಟ್ಟುವುದಾದರೆ ಚಿತ್ರವನ್ನು ಹೇಗೆ ಓದಬೇಕು, ಯಾವುದನ್ನು ನಂಬಬೇಕು?

ನರಕ ಚತುರ್ದಶಿಯ ಬೆಳಗಿನ ಜಾವ. ಹಿಂದಿನ ಸಂಜೆಯೇ ತೊಳೆದು, ಕಂಠಕ್ಕೆ ಬಳ್ಳಿ ಸುತ್ತಿ, ಸುಣ್ಣ ಕೆಮ್ಮಣ್ಣುಗಳ ರೇಖೆಯೆಳೆದು ನೀರು ತುಂಬಿಸಿಟ್ಟ ಹಂಡೆಯಿಂದ ಆವಿಯೇಳುತ್ತಿದೆ. ಒಲೆಯ ಹೊಗೆ ಬಚ್ಚಲಿನ ಮಾಡಿಗೆ ತಾಗಿ ತಿರುಗುತ್ತಿದೆ. ಮೊಮ್ಮಕ್ಕಳ ನೆತ್ತಿಗೆಲ್ಲ ಎಣ್ಣೆಯೊತ್ತಿ ಮುಗಿಸಿದ ಅಜ್ಜಿ, ತನ್ನ ಸರದಿ ಬಂದಾಗ ಎಣ್ಣೆ ಸೀಗೆಪುಡಿಗಳೆರಡೂ ಹರಿದಾಡಿದ ಕಲ್ಲಿನ ಮೇಲೆ ಬರಿಗಾಲನ್ನಿಟ್ಟು ಕ್ಷಣಕಾಲ ನಿಲ್ಲುತ್ತಾಳೆ.

“ಜಾರ್ತದೆ ಅಜ್ಜಿ, ಗೋಡೆ ಹಿಡ್ಕೋ.”

“ಹಿಡ್ಕೊಳ್ಳಾಕೆ ಏನೈತಪ್ಪ ಅದ್ರಾಗೆ? ನುಣ್ಣಗೈತೆ.”

ಕೋಲಾರ ಸೀಮೆಯ ಯಾವ ಹಳ್ಳಿಯಲ್ಲಿಯಾದರೂ ಹಬ್ಬದ ದಿನ ಕೇಳಬಹುದಾದ ಮಾತು ಇದು. ಅದೇ ಹಬ್ಬಕ್ಕೆ ಬೆಂಗಳೂರಿನಿಂದ ಬಂದ ಮೊಮ್ಮಗನ ಮೊಬೈಲಿನಲ್ಲಿ ಇನ್ನೊಂದು ಸ್ನಾನದ ಮನೆಯುಂಟು: ಹಳೆಯ ಮನೆಯನ್ನು ಕೆಡವಿ ಕಟ್ಟಲಿರುವ ಹೊಸ ಮನೆಯದು. ಕಿಟಕಿಯಿಂದ ಓರೆಯಾಗಿ ಬಿದ್ದ ಬಿಸಿಲು, ಜೇನುಬಣ್ಣದ ಮರದ ಹಿಡಿಕೆ, ಬೂದುಗಲ್ಲಿನ ನೆಲ, ಮೂಲೆಯಲ್ಲಿ ಹಸುರು ಗಿಡ. ಮನೆಯವರೆಲ್ಲ ನೋಡಿ ಮೆಚ್ಚುತ್ತಾರೆ. ಕಟ್ಟಡ ಶಿಲ್ಪಿಗಳು ಇದನ್ನು ರೆಂಡರ್ ಎನ್ನುತ್ತಾರೆ.

ದೇವರಾಯಸಮುದ್ರವು ಮುಳಬಾಗಿಲು ತಾಲ್ಲೂಕಿನಲ್ಲಿ, ಬೆಂಗಳೂರು ಚೆನ್ನೈ ಹೆದ್ದಾರಿಯ ಮಗ್ಗುಲಲ್ಲಿರುವ ಊರು. ಹೆದ್ದಾರಿಯಲ್ಲಿ ಹೋಗುವವರ ಕಣ್ಣಿಗೆ ಮೊದಲು ಬೀಳುವುದು ಒಂದರ ಮೇಲೊಂದು ಪೇರಿಸಿಟ್ಟಂತಿರುವ ಬೆಣಚುಗಲ್ಲಿನ ಬಂಡೆಗಳು. ಇಂಥ ನಾಡಿನಲ್ಲಿ ವೃದ್ಧರಿಗೆ ಮನೆ ಕಟ್ಟುವವನಿಗೆ ಒಂದು ಭಾಗ್ಯವುಂಟು: ಸುರಕ್ಷಿತತೆಗೆ ಬೇಕಾದ ಮುಖ್ಯ ವಸ್ತು ಊರಿನ ನೆಲದಲ್ಲಿಯೇ ದೊರೆಯುತ್ತದೆ, ಅದನ್ನು ಬಳಸಿದರೆ ಮನೆಯು ಆಸ್ಪತ್ರೆಯಂತೆ ಕಾಣಬೇಕಾಗಿಯೂ ಇಲ್ಲ. ಆದರೆ ಚಿತ್ರವನ್ನು ಒಪ್ಪುವ ಮುನ್ನ ಅದನ್ನು ಪರೀಕ್ಷಿಸುವ ವಿದ್ಯೆ ಬೇಕು.

ಬೆಳಕಿನ ಲೆಕ್ಕ ಮಾತ್ರ

ರೆಂಡರ್ ಎಂಬುದು ಬೆಳಕಿನ ಗಣಿತ. ಸ್ಕೆಚ್‌ಅಪ್, ಬ್ಲೆಂಡರ್ ಮೊದಲಾದ ತಂತ್ರಾಂಶಗಳಲ್ಲಿ ಕೋಣೆಯ ಆಕಾರವನ್ನು ಕಟ್ಟಿ, ಪ್ರತಿಯೊಂದು ಮೇಲ್ಮೈಗೂ ಬಣ್ಣವನ್ನೂ ಹೊಳಪನ್ನೂ ಕೊಟ್ಟು, ಬೆಳಕು ಅದರ ಮೇಲೆ ಬಿದ್ದು ಹೇಗೆ ಚೆದರುವುದೆಂದು ಯಂತ್ರವು ಗಣಿಸಿ ಚಿತ್ರವನ್ನು ಕೊಡುತ್ತದೆ. ಅಲ್ಲಿ ‘ರಫ್‌ನೆಸ್’ ಎಂಬ ಒಂದು ಅಳತೆಯುಂಟು. 0 ಆದರೆ ಕನ್ನಡಿ, 1 ಆದರೆ ಸುಣ್ಣದ ಗೋಡೆ. ಈ ಒರಟುತನವು ಬೆಳಕಿಗೆ ಸಂಬಂಧಿಸಿದುದು, ಪಾದಕ್ಕೆ ಸಂಬಂಧಿಸಿದುದಲ್ಲ. ಮಂಕಾಗಿ ಕಾಣುವ ಟೈಲು ಒದ್ದೆಯಾದಾಗ ಜಾರಬಹುದು. ಸ್ವಲ್ಪ ಮಿನುಗುವ ಕಲ್ಲು ಹಿಡಿತ ಕೊಡಬಹುದು. ಚಿತ್ರವನ್ನು ನೋಡಿ ಇದನ್ನು ನಿರ್ಣಯಿಸಲು ಬರುವುದಿಲ್ಲ.

ಸ್ಥಳದ ವಿಚಾರದಲ್ಲಿಯೂ ಚಿತ್ರವು ಉದಾರಿ. 5 ಅಡಿಗೆ 7 ಅಡಿಯ ಸ್ನಾನದ ಮನೆಯೊಳಗೆ ನಿಂತು ನೋಡಿದರೆ ಮೂರು ಗೋಡೆಗಳೂ ಪೂರ್ತಿ ನೆಲವೂ ಒಮ್ಮೆಗೇ ಕಣ್ಣಿಗೆ ಬೀಳುವುದು ಸಾಧ್ಯವಿಲ್ಲ. ಚಿತ್ರದಲ್ಲಿ ಹಾಗೆ ಕಂಡರೆ, ಚಿತ್ರಕಾರನು ನಾಲ್ಕನೆಯ ಗೋಡೆಯನ್ನು ಅಳಿಸಿ ಅದರ ಆಚೆ ನಿಂತು ನೋಡಿದ್ದಾನೆಂದು ತಿಳಿಯಬೇಕು. ಗಾಲಿಕುರ್ಚಿಯೊಂದು ಸುತ್ತಿ ತಿರುಗಲು 1.5 ಮೀಟರ್ ವ್ಯಾಸದ ಖಾಲಿ ನೆಲ ಬೇಕು. ಆ ವೃತ್ತವನ್ನು ಚಿತ್ರದ ನೆಲದ ಮೇಲೆಯೇ ಬರೆದುಕೊಡಿರೆಂದು ಕೇಳಿದರೆ ಉದಾರತೆಯೆಲ್ಲ ಬಯಲಾಗುತ್ತದೆ. 7 ಅಡಿಗೆ 8 ಅಡಿಯ ಸ್ನಾನದ ಮನೆಯಲ್ಲಿ ಎಚ್ಚರದಿಂದ ಜೋಡಿಸಿದರೆ ಆ ವೃತ್ತ ಹಿಡಿಸುತ್ತದೆ. 5 ಅಡಿ ಅಗಲದಲ್ಲಿ ಕಮೋಡು ಇಟ್ಟಮೇಲೆ ಹಿಡಿಸುವುದಿಲ್ಲ.

ಒಂದೂವರೆ ಅಡಿಯ ಜಗಲಿಯನ್ನು ಏರುವುದು

ಒಂದು ನಿವೇಶನವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಎಲ್ಲೆಡೆ ಬಳಕೆಯಲ್ಲಿರುವ 30 ಅಡಿಗೆ 40 ಅಡಿಯ ಸೈಟು. ಕಾಂಪೌಂಡಿನ ಒಳಗೆ ಮುಂಭಾಗದ ಅಗಲ ಸುಮಾರು 9 ಮೀಟರ್. ಗೇಟಿಗೂ ಮನೆಯ ಜಗಲಿಗೂ ನಡುವೆ 2.7 ಮೀಟರ್ ಅಂಗಳ. ಮಳೆನೀರು ಒಳಬರದಂತೆ ನೆಲಗಟ್ಟು ಅಂಗಳದಿಂದ 45 ಸೆಂ.ಮೀ., ಅಂದರೆ ಒಂದೂವರೆ ಅಡಿ ಎತ್ತರ.

ಚಿತ್ರದಲ್ಲಿ ಮೆಟ್ಟಿಲ ಪಕ್ಕದಲ್ಲಿ ಗೇಟಿನಿಂದ ಜಗಲಿಗೆ ನೇರವಾಗಿ ಏರುವ ಒಂದು ಇಳಿಜಾರು. ನೋಡಲು ಮನೋಹರ. ಆದರೆ 2.7 ಮೀಟರ್ ಉದ್ದದಲ್ಲಿ 45 ಸೆಂ.ಮೀ. ಏರುವುದೆಂದರೆ ಆರಕ್ಕೆ ಒಂದರ ಪ್ರಮಾಣ. ಸಾಮಾನ್ಯವಾಗಿ ಒಪ್ಪಿತವಾದ ಗರಿಷ್ಠ ಪ್ರಮಾಣ ಹನ್ನೆರಡಕ್ಕೆ ಒಂದು. ವ್ಯತ್ಯಾಸವು ಕಾಗದದ ಮೇಲೆ ಅಲ್ಪವೆನಿಸಬಹುದು. ತಳ್ಳುವವನ ತೋಳಿಗೆ ಅಲ್ಪವಲ್ಲ. ಕುಳಿತವರೂ ಕುರ್ಚಿಯೂ ಸೇರಿ 75 ಕಿಲೋ ಎಂದಿಟ್ಟುಕೊಂಡರೆ, ಹನ್ನೆರಡಕ್ಕೊಂದರಲ್ಲಿ ಸುಮಾರು 6 ಕಿಲೋ ಭಾರವನ್ನು ಎತ್ತಿ ಹಿಡಿದಷ್ಟು ಬಲ ಬೇಕು, ಆರಕ್ಕೊಂದರಲ್ಲಿ 12 ಕಿಲೋ. ಇಳಿಯುವಾಗ ಅಷ್ಟನ್ನೇ ಹಿಂದಕ್ಕೆಳೆದು ಹಿಡಿಯಬೇಕು. ಆ ಕೆಲಸ ಬಹುಶಃ ಬೀಳುವುದು ಅರುವತ್ತು ದಾಟಿದ ಇನ್ನೊಬ್ಬರ ಪಾಲಿಗೆ.

ಆದಕಾರಣ ಚಿತ್ರದಲ್ಲಿ ಇಳಿಜಾರು ಕಂಡೊಡನೆ ಪಕ್ಕದ ಮೆಟ್ಟಿಲುಗಳನ್ನು ಎಣಿಸಬೇಕು. ಮೆಟ್ಟಿಲೊಂದಕ್ಕೆ ಸುಮಾರು 15 ಸೆಂ.ಮೀ.; ಮೂರು ಮೆಟ್ಟಿಲಿದ್ದರೆ 45. ಅದರ ಹನ್ನೆರಡು ಪಟ್ಟು 5.4 ಮೀಟರ್. ಇಳಿಜಾರಿನ ಉದ್ದ ಅಷ್ಟಿಲ್ಲದಿದ್ದರೆ ಅದು ಅಲಂಕಾರವೆಂದೇ ಭಾವಿಸತಕ್ಕದ್ದು.

> ಏರಿಗೆ ಎಷ್ಟು ಉದ್ದ?
> ನೆಲಗಟ್ಟು 15 ಸೆಂ.ಮೀ.: ಹನ್ನೆರಡಕ್ಕೊಂದರಂತೆ 1.8 ಮೀ., ಇಪ್ಪತ್ತಕ್ಕೊಂದರಂತೆ 3 ಮೀ.
> ನೆಲಗಟ್ಟು 30 ಸೆಂ.ಮೀ.: 3.6 ಮೀ., 6 ಮೀ.
> ನೆಲಗಟ್ಟು 45 ಸೆಂ.ಮೀ.: 5.4 ಮೀ., 9 ಮೀ.
> ತಿರುವಿನಲ್ಲಿಯೂ ಬಾಗಿಲ ಮುಂದೆಯೂ ಬೇಕಾದ 1.5 ಮೀಟರ್ ಸಮತಟ್ಟು ಇದಕ್ಕೆ ಹೊರತು.

ಹಾಗಾದರೆ ನಮ್ಮ ಚಿಕ್ಕ ಸೈಟಿನಲ್ಲಿ ಗತಿಯೇನು? ಮನೆಯ ಪಕ್ಕದಿಂದ ಹಾದಿಮಾಡಿ ಹಿತ್ತಿಲ ಬಾಗಿಲಿಗೆ ಸೇರಿಸುವ ಸಲಹೆಯನ್ನು ಅನೇಕರು ಕೊಡುತ್ತಾರೆ. ಮನೆಯ ಹಿರಿಯರನ್ನು ಹಿತ್ತಿಲಿನಿಂದ ಒಳತರುವ ಆ ಯೋಜನೆ ನನಗೆ ಒಪ್ಪಿಗೆಯಲ್ಲ. ಎಲ್ಲರೂ ಬರುವ ಬಾಗಿಲಿನಿಂದಲೇ ಅವರೂ ಬರಬೇಕು. ಅದಕ್ಕೆ ಇಪ್ಪತ್ತಕ್ಕೆ ಒಂದರ ಏರು ನೆರವಾಗುತ್ತದೆ. ಅಷ್ಟು ಮೃದುವಾದ ಏರನ್ನು ನಿಯಮಗಳು ರ್‍ಯಾಂಪೆಂದೇ ಎಣಿಸುವುದಿಲ್ಲ, ನಡೆಯುವ ಹಾದಿಯೆಂದು ಎಣಿಸುತ್ತವೆ. ಆದ್ದರಿಂದ ಇಕ್ಕೆಲಗಳಲ್ಲಿ ಕಂಬಿಯೂ ಬೇಕಾಗುವುದಿಲ್ಲ, ಕಣ್ಣಿಗೆ ಅದು ಅಂಗಳದ ಕಲ್ಲುಹಾದಿಯಂತೆಯೇ ತೋರುತ್ತದೆ.

ಲೆಕ್ಕ ಹೀಗೆ. ಗೇಟನ್ನು ಮುಂಭಾಗದ ಒಂದು ಮೂಲೆಗೆ ಸರಿಸಬೇಕು. ಗೇಟಿನೊಳಗೆ 1.2 ಮೀಟರ್ ಸಮತಟ್ಟು. ಅಲ್ಲಿಂದ ಕಾಂಪೌಂಡ್ ಗೋಡೆಗುಂಟ, 1.2 ಮೀಟರ್ ಅಗಲದ ಹಾದಿಯು ಎದುರು ಮೂಲೆಯತ್ತ 6.3 ಮೀಟರ್ ಸಾಗಿ 31.5 ಸೆಂ.ಮೀ. ಏರುತ್ತದೆ. ಆ ಮೂಲೆಯಲ್ಲಿ ತಿರುಗಲು 1.5 ಮೀಟರ್ ಸಮತಟ್ಟು. ಬಳಿಕ ಜಗಲಿಯ ಅಂಚಿನಲ್ಲಿ ಹಿಂದಿರುಗಿ 2.7 ಮೀಟರ್ ಬಂದರೆ ಉಳಿದ 13.5 ಸೆಂ.ಮೀ. ಮುಗಿದು, ಮನೆಯ ನಡುಭಾಗದ ಬಾಗಿಲ ಮುಂದೆ ಜಗಲಿಯ ಮಟ್ಟಕ್ಕೇ ಸೇರುತ್ತೇವೆ. ಎರಡು ಹಾದಿಗಳ ನಡುವೆ ಉಳಿಯುವ ಒಂದಡಿ ಪಟ್ಟಿಯಲ್ಲಿ ಕುಳ್ಳಾದ ಕಲ್ಲುಕಟ್ಟೆ, ಅದರ ಮೇಲೆ ಕನಕಾಂಬರವೋ ತುಳಸಿಯೋ. ಬಾಗಿಲೆದುರು ಎರಡು ಹಾದಿಗಳಿಗೂ ಇರುವ ಅಂತರ ಸುಮಾರು 30 ಸೆಂ.ಮೀ.; ಅಲ್ಲಿ ಎರಡು ಮೆಟ್ಟಿಲು ಇಟ್ಟರೆ ಅವಸರದ ಹುಡುಗರು ಏರಿ ಓಡಲಿ.

ಇದರ ಬೆಲೆಯನ್ನೂ ಹೇಳಿಬಿಡಬೇಕು: ಅಂಗಳದಲ್ಲಿ ಕಾರಿಗೆ ಸ್ಥಳವಿರುವುದಿಲ್ಲ. ಕಾರೋ ತಾಯಿಯೋ ಎಂಬ ಪ್ರಶ್ನೆಯನ್ನು ಚಿತ್ರಕಾರನು ಎತ್ತುವುದಿಲ್ಲ. ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿಸಿ ತೋರಿಸುತ್ತಾನೆ.

ಹಾದಿ ಮುಗಿದಲ್ಲಿ ಹೊಸ್ತಿಲು. ಅರಿಸಿನ ಕುಂಕುಮವಿಟ್ಟು ಪೂಜಿಸುವ ಹೊಸ್ತಿಲನ್ನು ತೆಗೆದುಹಾಕಿರೆಂದು ಮನೆಯ ಗೃಹಿಣಿಗೆ ಹೇಳುವ ಧೈರ್ಯ ಯಾವ ಎಂಜಿನಿಯರನಿಗೂ ಇರಲಾರದು, ಇರಬೇಕಾಗಿಯೂ ಇಲ್ಲ. ಹೊಸ್ತಿಲ ಮರವನ್ನು ನೆಲದೊಳಗೆ ಹುದುಗಿಸಿ 12 ಮಿ.ಮೀ.ಗಿಂತ ಹೆಚ್ಚು ಮೇಲೇಳದಂತೆ ಮಾಡಿ, ಎರಡೂ ಅಂಚುಗಳನ್ನು ಓರೆಯಾಗಿ ಕೆತ್ತಿಸಿದರೆ ಸಾಕು. ಪೂಜೆಗೆ ಅಗಲವಾದ ಹಲಗೆಯುಳಿಯುತ್ತದೆ, ಗಾಲಿಯೂ ಎಳೆಯುವ ಕಾಲೂ ದಾಟುತ್ತವೆ. ಚಿತ್ರಗಳಲ್ಲಿ ಹೊಸ್ತಿಲು ಕಾಣುವುದೇ ಇಲ್ಲ. ಕಟ್ಟುವಾಗ ಬಡಗಿಯು ತನ್ನ ವಾಡಿಕೆಯಂತೆ ಎರಡಂಗುಲದ್ದನ್ನು ಕೂರಿಸಿ ಹೋಗುತ್ತಾನೆ.

ಎಣ್ಣೆ, ಸೀಗೆಪುಡಿ, ಬರಿಗಾಲು

ಈಗ ಸ್ನಾನದ ಮನೆಯ ನೆಲ. ಅಂಗಡಿಯ ಟೈಲುಗಳ ಪೆಟ್ಟಿಗೆಯ ಮೇಲೆ R10, R11 ಎಂದು ಮುದ್ರಿಸಿರುವುದನ್ನು ಕಾಣಬಹುದು. ಇದು ಜರ್ಮನಿಯ ಒಂದು ಪರೀಕ್ಷೆಯ ಫಲ: ಟೈಲು ಹಾಸಿದ ಹಲಗೆಗೆ ಎಂಜಿನ್ ಎಣ್ಣೆ ಬಳಿದು, ನಿಗದಿಯಾದ ಬೂಟು ತೊಟ್ಟವನೊಬ್ಬನನ್ನು ಅದರ ಮೇಲೆ ನಡೆಸುತ್ತ, ಹಲಗೆಯನ್ನು ಮೆಲ್ಲಮೆಲ್ಲನೆ ಓರೆ ಮಾಡುತ್ತಾರೆ, ಅವನು ತಡವರಿಸುವ ಕೋನವನ್ನು ನೋಡಿ ಅಂಕ ಕೊಡುತ್ತಾರೆ. ಕಾರ್ಖಾನೆಯ ನೆಲಕ್ಕೆ ಇದು ಸರಿ. ಬರಿಗಾಲಿಗೆ ಬೇರೊಂದು ಪರೀಕ್ಷೆಯುಂಟು. ಅಲ್ಲಿ ಸಾಬೂನಿನ ನೀರು ಹರಿಸಿ ಬರಿಗಾಲಿನವನನ್ನು ನಡೆಸಿ A, B, C ಎಂದು ವರ್ಗೀಕರಿಸುತ್ತಾರೆ. 18 ಡಿಗ್ರಿ ಓರೆಯವರೆಗೆ ನಿಲ್ಲುವುದು B, 24 ಡಿಗ್ರಿಯವರೆಗೆ ನಿಲ್ಲುವುದು C. ಸ್ನಾನದ ನೆಲಕ್ಕೆ ಕೇಳಬೇಕಾದುದು ಈ ಅಕ್ಷರವನ್ನು. ನಮ್ಮ ಹಬ್ಬದ ಬಚ್ಚಲಿನಲ್ಲಿ ಎಣ್ಣೆಯೂ ಸಾಬೂನೂ ಬರಿಗಾಲೂ ಏಕಕಾಲಕ್ಕೆ ಕೂಡುತ್ತವೆ. ಜರ್ಮನರ ಎರಡು ಪರೀಕ್ಷೆಗಳನ್ನು ನಾವು ಒಟ್ಟಿಗೇ ಬರೆಯುತ್ತೇವೆ.

ಇಲ್ಲಿ ಊರಿನ ಕಲ್ಲು ನೆರವಿಗೆ ಬರುತ್ತದೆ. ಬೂದುಬಣ್ಣದ ಗ್ರಾನೈಟನ್ನು ಕನ್ನಡಿಯಂತೆ ಪಾಲಿಶ್ ಮಾಡಿ ಹಾಸುವುದು ಈಗಿನ ಶೋಕಿ. ಒದ್ದೆಯಾದರೆ ಅದರಷ್ಟು ಅಪಾಯದ ನೆಲ ವಿರಳ. ಅದೇ ಕಲ್ಲಿನ ಮೇಲೆ ತೀವ್ರವಾದ ಗ್ಯಾಸಿನ ಜ್ವಾಲೆಯನ್ನು ಹಾಯಿಸಿದರೆ ಮೇಲ್ಪದರವು ಚಿಟಚಿಟನೆ ಸಿಡಿದು ಸಣ್ಣ ಸಣ್ಣ ಹಳ್ಳಗಳು ಬೀಳುತ್ತವೆ. ಕಾರಣ ಕಲ್ಲಿನೊಳಗಿನ ಸ್ಫಟಿಕ, ಅಂದರೆ ಕ್ವಾರ್ಟ್ಸ್: 573 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಅದರ ಹರಳಿನ ರಚನೆಯೇ ಬದಲಾಗಿ ಗಾತ್ರವು ಥಟ್ಟನೆ ಹಿಗ್ಗುತ್ತದೆ, ಸುತ್ತಲಿನ ಖನಿಜಗಳು ಅಷ್ಟು ಹಿಗ್ಗಲಾರದೆ ಚಕ್ಕೆ ಏಳುತ್ತವೆ. ಕಲ್ಲಿನ ಕಾರ್ಖಾನೆಗಳಲ್ಲಿ ಇದಕ್ಕೆ ಫ್ಲೇಮ್ ಫಿನಿಶ್ ಎನ್ನುವರು.

ಕಲ್ಲು 20 ಮಿ.ಮೀ.ಗಿಂತ ತೆಳುವಾಗಿದ್ದರೆ ಜ್ವಾಲೆಗೆ ಬಿರಿಯಬಹುದು, 30 ಮಿ.ಮೀ. ಉತ್ತಮ. ಕರಿಗಲ್ಲಿನಲ್ಲಿ ಕ್ವಾರ್ಟ್ಸ್ ಅತ್ಯಲ್ಪವಾದುದರಿಂದ ಜ್ವಾಲೆ ಹಾಯಿಸಿ ಫಲವಿಲ್ಲ. ಕಡಪ ಕಲ್ಲು ಸುಣ್ಣದ ಜಾತಿಯದು, ಅದಕ್ಕೂ ಈ ಚಿಕಿತ್ಸೆ ಸಲ್ಲದು. ಅಂಥವಕ್ಕೆ ಸುತ್ತಿಗೆ ಚಾಣಗಳ ಹಳೆಯ ಚುಕ್ಕೆಗೆಲಸವೇ ಗತಿ. ದೇವಾಲಯಗಳ ಅಂಗಳದ ಚಪ್ಪಡಿಗಳಲ್ಲಿ ಅಭಿಷೇಕದ ನೀರು ಹರಿದರೂ ಕಾಲು ನಿಲ್ಲುವುದು ಕಲ್ಲುಕುಟಿಗರ ಆ ಚುಕ್ಕೆಗಳಿಂದ. ಹೆಚ್ಚು ತುಳಿದು ನುಣುಪಾದ ಕಡೆ ಮಾತ್ರ ಜಾರುತ್ತದೆ.

ಆದರೆ ಸುಟ್ಟ ಕಲ್ಲಿನ ತುದಿಗಳು ಚೂಪು. ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಸ್ಪರ್ಶಜ್ಞಾನ ಕುಂದಿದವರಿಗೆ ಗೀಚಿದರೂ ತಿಳಿಯುವುದಿಲ್ಲ. ಆ ಗಾಯ ಜಾರಿಬಿದ್ದ ಗಾಯಕ್ಕಿಂತ ಕಡಿಮೆಯದಲ್ಲ. ಆದ್ದರಿಂದ ಸುಟ್ಟ ಬಳಿಕ ಗಡುಸಾದ ಬ್ರಷ್ಷಿನಿಂದ ಉಜ್ಜಿಸಿ ಚೂಪು ಮುರಿಸಬೇಕು. ಆಗ ಅದು ನದಿಯ ತಡಿಯ ಕಲ್ಲಿನ ಹದಕ್ಕೆ ಬರುತ್ತದೆ, ನೋಟಕ್ಕೂ ಸಹಜವಾಗಿರುತ್ತದೆ.

ಇನ್ನೊಂದು ತೊಡಕು ಈ ಜಿಲ್ಲೆಯ ನೀರಿನದು. ಕೊಳವೆಬಾವಿಯ ಗಡಸುನೀರಿನಲ್ಲಿ ಸಾಬೂನು ಕರಗದೆ, ಸುಣ್ಣಾಂಶದೊಡನೆ ಸೇರಿ ಬಿಳಿಯ ಜಿಡ್ಡಾಗಿ ನಿಲ್ಲುತ್ತದೆ. ಆ ಜಿಡ್ಡು ಕಲ್ಲಿನ ಹಳ್ಳಗಳನ್ನು ತುಂಬಿದರೆ, ಹಣ ಕೊಟ್ಟು ಮಾಡಿಸಿದ ಒರಟು ಕೆಲವೇ ತಿಂಗಳಲ್ಲಿ ನುಣುಪಾಗುತ್ತದೆ. ಗುರುತು ಸುಲಭ: ಒಣಗಿದಾಗ ಬೂದುಗಲ್ಲು ಬಿಳಿಚಿಕೊಂಡರೆ, ಉಗುರಿನಿಂದ ಗೀರಿದಾಗ ಮೇಣದಂಥದು ಬಂದರೆ ಹಳ್ಳ ತುಂಬಿತೆಂದು ತಿಳಿಯಬೇಕು. ವಾರಕ್ಕೊಮ್ಮೆ ಗಡುಸು ಪೊರಕೆಯಿಂದಲೋ ಬ್ರಷ್ಷಿನಿಂದಲೋ ಉಜ್ಜುವುದೇ ಮದ್ದು. ಬಾತ್‌ರೂಮ್ ಆಸಿಡ್ ಸುರಿಯುವ ಅಭ್ಯಾಸ ಬೇಡ; ಗ್ರಾನೈಟು ಅದನ್ನು ತಾಳಿಕೊಂಡರೂ ಸಂದಿನ ಸಿಮೆಂಟು ತಾಳುವುದಿಲ್ಲ, ಕಡಪ ಕಲ್ಲಂತೂ ತಿಂದುಹೋಗುತ್ತದೆ.

> ಕಲ್ಲನ್ನು ಕೊಳ್ಳುವ ಮುನ್ನ
> ಒಂದಡಿ ಚೌಕದ ತುಂಡೊಂದನ್ನು ಮನೆಗೆ ತನ್ನಿ. ನೆಲದ ಮೇಲೆ ಅಲುಗದಂತೆ ಕೂರಿಸಿ. ನೀರು, ಆಮೇಲೆ ಸಾಬೂನು, ಕೊನೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ, ಕುರ್ಚಿಯ ಮೇಲೆ ಕುಳಿತೇ ಬರಿಗಾಲನ್ನು ಒತ್ತಿ ಮುಂದಕ್ಕೆ ತಳ್ಳಿ. ಮೂರರಲ್ಲಿಯೂ ಪಾದ ಅಂಟಿ ನಿಂತರೆ ಕಲ್ಲು ಸರಿ. ಅನಂತರ ಅಂಗೈಯಿಂದ ಉಜ್ಜಿ. ತರಚಿದರೆ ಇನ್ನೂ ಬ್ರಷ್ ಬೇಕು. ಈ ಪರೀಕ್ಷೆಯನ್ನು ನಿಂತು ಮಾಡತಕ್ಕದ್ದಲ್ಲ, ವೃದ್ಧರಿಂದ ಮಾಡಿಸತಕ್ಕದ್ದೂ ಅಲ್ಲ.

ನೀರು ನಿಲ್ಲದಂತೆ ನೆಲವು ಮೋರಿಯ ಕಡೆಗೆ ಮೀಟರಿಗೆ ಒಂದು, ಒಂದೂವರೆ ಸೆಂ.ಮೀ. ಇಳಿದಿರಬೇಕು. ಹೊರಗೆ ಹರಿಯದಂತೆ ಬಾಗಿಲಲ್ಲಿ ಎರಡಂಗುಲದ ತಗ್ಗು ಕೊಡುವುದು ಮೇಸ್ತ್ರಿಗಳ ರೂಢಿ. ರಾತ್ರಿ ಎದ್ದು ಹೋಗುವವರು ಮುಗ್ಗರಿಸುವುದು ಅಲ್ಲಿಯೇ. ತಗ್ಗಿನ ಬದಲು ಬಾಗಿಲಿಗುಂಟ ಉದ್ದನೆಯ ಮೋರಿ ಮಾಡಿ, ಸೀಳುಗಳುಳ್ಳ ಕಲ್ಲು ಮುಚ್ಚಿದರೆ ನೆಲ ಒಂದೇ ಮಟ್ಟದಲ್ಲಿ ಸಾಗುತ್ತದೆ. ಇದನ್ನು ಮಾಡಲು ನೆಲದ ಕಾಂಕ್ರೀಟಿಗೆ ಮುನ್ನವೇ ಸ್ನಾನದ ಮನೆಯ ತಳವನ್ನು ಇಳಿಸಿಕೊಂಡಿರಬೇಕು; ಚಿತ್ರ ಒಪ್ಪಿ ಕಟ್ಟಡ ಎದ್ದಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಹಿಡಿಕೆಯ ಹಿಂದೆ ಏನಿದೆ

ಕೋಲಾರವು ಕುಡಿಯುವ ನೀರಿನ ಫ್ಲೋರೈಡಿನಿಂದ ಬಾಧಿತವಾದ ಜಿಲ್ಲೆಗಳಲ್ಲೊಂದು. ದೀರ್ಘಕಾಲ ಅಂಥ ನೀರು ಕುಡಿದವರ ಕೀಲುಗಳೂ ಬೆನ್ನೆಲುಬೂ ಬಿಗಿದುಕೊಳ್ಳುತ್ತವೆ. ಕುಕ್ಕರಗಾಲಿನಲ್ಲಿ ಕೂರುವುದು, ಕತ್ತು ತಿರುಗಿಸುವುದು ದುಸ್ತರವಾಗುತ್ತದೆ. ಆದಕಾರಣ ಇಲ್ಲಿನ ವೃದ್ಧರಿಗೆ ಹಿಡಿಕೆಯು ಬೀಳುವುದನ್ನು ತಡೆಯುವುದಕ್ಕಿಂತ ಮೊದಲು ಏಳುವುದಕ್ಕೆ ಬೇಕು.

ಕಮೋಡಿನ ಆಸನ ನೆಲದಿಂದ 45ರಿಂದ 48 ಸೆಂ.ಮೀ.; ಅದರ ನಡುಗೆರೆ ಪಕ್ಕದ ಗೋಡೆಯಿಂದ 45ರಿಂದ 50 ಸೆಂ.ಮೀ. ಇದಕ್ಕಿಂತ ದೂರವಾದರೆ ಹಿಡಿಕೆ ಕೈಗೆಟುಕದು, ಚಿತ್ರದಲ್ಲಿ ಮಾತ್ರ ಕಂಗೊಳಿಸುತ್ತದೆ. ಗೋಡೆಯ ಮೇಲೆ, ಆಸನಕ್ಕಿಂತ ಸುಮಾರು ಒಂದು ಗೇಣು ಮೇಲೆ ಒಂದು ಅಡ್ಡ ಹಿಡಿಕೆ, ಮುಂತುದಿಯಲ್ಲಿ ನೆಟ್ಟಗೆ ಮೇಲೇರುವ ಇನ್ನೊಂದು. ಅಡ್ಡದ್ದನ್ನು ಒತ್ತಿ ಮೇಲೇಳುತ್ತಾರೆ, ನಿಂತಮೇಲೆ ನೆಟ್ಟನೆಯದನ್ನು ಹಿಡಿದು ಸಮತೋಲ ಕಾಯ್ದುಕೊಳ್ಳುತ್ತಾರೆ. ದಪ್ಪ 3ರಿಂದ 4 ಸೆಂ.ಮೀ.; ಗೋಡೆಗೂ ಹಿಡಿಕೆಗೂ ಸಂದು 4ರಿಂದ 5 ಸೆಂ.ಮೀ. ಸಂದು ವಿಪರೀತವಾದರೆ, ಕೈ ಜಾರಿದಾಗ ಮುಂದೋಳು ಅದರೊಳಗೆ ಸಿಕ್ಕಿ ಮೂಳೆ ಮುರಿಯುವ ಭಯವುಂಟು.

ಇಷ್ಟನ್ನು ಒಳ್ಳೆಯ ಚಿತ್ರಕಾರನು ಸರಿಯಾಗಿಯೇ ಬರೆದಾನು. ಅವನು ಬರೆಯಲಾರದ್ದು ಗೋಡೆಯ ಒಡಲು. ಅಮೆರಿಕದ ನಿಯಮವು ಹಿಡಿಕೆಯು 250 ಪೌಂಡು, ಅಂದರೆ ಸುಮಾರು 113 ಕಿಲೋ ಬಲವನ್ನು ತಾಳಬೇಕೆನ್ನುತ್ತದೆ; ಬೀಳುತ್ತಿರುವವರು ಹಿಡಿದೆಳೆಯುವುದು ಮೆಲ್ಲಗಲ್ಲ. ಗ್ರಾನೈಟ್ ಚಪ್ಪಡಿಯ ಗೋಡೆಯಾದರೆ ಆಂಕರ್ ಬೋಲ್ಟು ಅಲುಗದೆ ನಿಲ್ಲುತ್ತದೆ. ಗಟ್ಟಿಯಾದ ಇಟ್ಟಿಗೆ, ಗಟ್ಟಿ ಸಿಮೆಂಟ್ ಬ್ಲಾಕುಗಳೂ ಸರಿ. ಈಗ ಬಳಕೆಗೆ ಬಂದಿರುವ ಹಗುರ ಬ್ಲಾಕುಗಳಲ್ಲಿ, ಪೊಳ್ಳು ಬ್ಲಾಕುಗಳಲ್ಲಿ ಸಾಮಾನ್ಯ ಸ್ಕ್ರೂ ಒಂದೇ ಎಳೆತಕ್ಕೆ ಕಿತ್ತು ಬರಬಹುದು. ಹಳೆಯ ಮಣ್ಣಿನ ಗೋಡೆಗಂತೂ ಯಾವುದನ್ನೂ ನಂಬಿ ಬಿಗಿಯಲಾಗದು. ಅಲ್ಲಿ ನೆಲದಿಂದ ಚಾವಣಿಗೆ ಒಂದು ಕಂಬ ನಿಲ್ಲಿಸುವುದೇ ಉಪಾಯ.

ಹೊಸ ಗೋಡೆಯಾದರೆ ಪರಿಹಾರ ಅಗ್ಗ. ಗೋಡೆ ಏಳುತ್ತಿರುವಾಗಲೇ ನೆಲದಿಂದ 60ರಿಂದ 90 ಸೆಂ.ಮೀ. ಎತ್ತರದವರೆಗೆ, ಕಮೋಡು ಮತ್ತು ಸ್ನಾನದ ಜಾಗದ ಸುತ್ತ ಒಂದು ಕಾಂಕ್ರೀಟ್ ಪಟ್ಟಿ ಹಾಕಿಸಿಬಿಟ್ಟರೆ ಅಡ್ಡ ಹಿಡಿಕೆಯನ್ನು ಎಲ್ಲಿ ಬೇಕಾದರೂ ಬಿಗಿಯಬಹುದು. ನೆಟ್ಟನೆಯದರ ಮೇಲ್ತುದಿಗೆ ಅದೇ ಪಟ್ಟಿಯಿಂದ ಒಂದು ಕಾಂಕ್ರೀಟ್ ಕಂಬವನ್ನು ಮೇಲಕ್ಕೆ ಎತ್ತಿಸಬೇಕು. ಇಂದು ಹಿಡಿಕೆ ಬೇಡವೆನ್ನುವ ಅಭಿಮಾನಿ ತಾತನಿಗೆ ಇನ್ನು ಐದು ವರ್ಷದಲ್ಲಿ ಬೇಕಾದರೂ ಗೋಡೆ ಸಿದ್ಧವಾಗಿರುತ್ತದೆ.

ತೋರಿಕೆಯ ವಿಚಾರ. ಹೊಳೆಯುವ ಉಕ್ಕಿನ ಕೊಳವೆ ಆಸ್ಪತ್ರೆಯನ್ನು ನೆನಪಿಸುತ್ತದೆಂದು ಚಿತ್ರದಲ್ಲಿ ಮರದ ಹಿಡಿಕೆಯನ್ನು ಬರೆದಿರುತ್ತಾರೆ. ಮಲಗುವ ಕೋಣೆಯಲ್ಲಿ ತೇಗದ ಹಿಡಿಕೆ ಅತ್ಯುತ್ತಮ: ಮಂಚದ ಬದಿಯಿಂದ ಸ್ನಾನದ ಮನೆಯ ಬಾಗಿಲವರೆಗೆ ಗೋಡೆಗುಂಟ ಸಾಗುವ ಮರದ ಪಟ್ಟಿಯನ್ನು ಬಂದವರು ಅಲಂಕಾರವೆಂದೇ ತಿಳಿಯುತ್ತಾರೆ. ಸ್ನಾನದ ಜಾಗದಲ್ಲಿ ಮರವು ದಿನವೂ ನೆನೆದು ಉಬ್ಬಿ ಬಿರಿಯುತ್ತದೆ. ಅಲ್ಲಿ ಮಂಕು ಮೇಲ್ಮೈಯ ತುಕ್ಕುರಹಿತ ಉಕ್ಕೇ ಇರಲಿ. ಕನ್ನಡಿ ಪಾಲಿಶಿನದು ಒದ್ದೆಗೈಗೆ ಜಾರುತ್ತದೆ. ಟವೆಲು ಹಾಕುವ ಕಂಬಿ ಹಿಡಿಕೆಯಲ್ಲ. ಆದರೆ ಹಿಡಿಕೆಯ ಬಲದ ಕಂಬಿಯ ಮೇಲೆ ಟವೆಲು ಹಾಕಲು ಅಡ್ಡಿಯಿಲ್ಲ, ಎಂದರೆ ಸಹಜವಾಗಿ ಕಾಣಿಸುವ ಉಪಾಯ ಅಲ್ಲಿಯೇ ಇದೆ.

ನಮ್ಮ ಸ್ನಾನ ಚೊಂಬಿನ ಸ್ನಾನ, ಬಹುಪಾಲು ಚಿತ್ರಗಳಲ್ಲಿರುವುದು ನಿಂತು ಮಾಡುವ ಷವರ್. ಗೇಣೆತ್ತರದ ಮಣೆಯ ಮೇಲಿಂದ ಏಳಲಾರದವರಿಗೆ, ಎರಡು ಕಲ್ಲುಗಳ ಮೇಲೆ ಚಪ್ಪಡಿಯಿಟ್ಟು 45 ಸೆಂ.ಮೀ. ಎತ್ತರದ ಆಸನವನ್ನೂ, ಬಗ್ಗದೆ ನೀರು ಮೊಗೆಯುವಂತೆ ಬಕೆಟ್ಟಿಗೆ ಒಂದಡಿಯ ಕಟ್ಟೆಯನ್ನೂ ಅದೇ ಬೂದುಗಲ್ಲಿನಿಂದ ಮಾಡಿಸಬಹುದು. ಜಗಲಿಯ ಕಲ್ಲಿನಂತೆಯೇ ಅದು ಮನೆಗೆ ಒಪ್ಪುತ್ತದೆ.

ಬಣ್ಣ ತೆಗೆದು ನೋಡಿ

‘ಸಹಜ’ವೆಂಬ ಹೆಸರಿನಲ್ಲಿ ಚಿತ್ರಕಾರರು ಮಾಡುವ ಒಂದು ಪ್ರಮಾದವುಂಟು: ನೆಲ ಗೋಡೆ ಕಮೋಡು ಹಿಡಿಕೆಗಳೆಲ್ಲವನ್ನೂ ಒಂದೇ ಮರಳಿನ ಬಣ್ಣದಲ್ಲಿ ಅದ್ದುವುದು. ಅರುವತ್ತರ ಕಣ್ಣಿನ ಅಕ್ಷಿಪಟಲಕ್ಕೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಮೂರನೆಯ ಒಂದು ಪಾಲು ಮಾತ್ರ; ಮಸೂರವು ಹಳದಿಗಟ್ಟಿ ಬಣ್ಣಗಳ ಭೇದವೂ ಕುಗ್ಗುತ್ತದೆ. ಬಿಳಿಯ ಗೋಡೆಯ ಮುಂದಿನ ಬಿಳಿಯ ಕಮೋಡು ಅವರಿಗೆ ಅಂಚಿಲ್ಲದ ವಸ್ತು.

ಪರೀಕ್ಷೆ ಮೊಬೈಲಿನಲ್ಲಿಯೇ ಆಗುತ್ತದೆ. ಚಿತ್ರದ ಬಣ್ಣವನ್ನು ತೆಗೆದು ಕಪ್ಪುಬಿಳುಪಾಗಿಸಿ, ತೆರೆಯ ಬೆಳಕನ್ನು ಕಡಿಮೆ ಮಾಡಿ ನೋಡಿ. ಹಿಡಿಕೆ, ಆಸನ, ಮೆಟ್ಟಿಲ ಅಂಚು, ಬಾಗಿಲ ಚೌಕಟ್ಟು ಇವು ಹಿನ್ನೆಲೆಯಿಂದ ಬೇರ್ಪಟ್ಟು ಕಾಣದಿದ್ದರೆ ಬಣ್ಣ ಬದಲಿಸಬೇಕು. ಸುಣ್ಣಬಣ್ಣದ ಗೋಡೆಗೆ ಕಡುಕಂದು ಮರ, ಬೂದು ನೆಲಕ್ಕೆ ಬಿಳಿಯ ಕಮೋಡು, ಅದರ ಹಿಂದೆ ಕಾವಿ ಬಣ್ಣದ ಗೋಡೆ: ಹಳ್ಳಿಯ ಮನೆಗಳಲ್ಲಿ ಸುಣ್ಣದ ಕೆಳಗೆ ಕೆಮ್ಮಣ್ಣಿನ ಪಟ್ಟಿ ಬಳಿಯುತ್ತಿದ್ದವರಿಗೆ ಈ ಭೇದ ಹೊಸದಲ್ಲ.

> ನಿಯಮಗಳ ಹಾದಿ
> ಭಾರತದಲ್ಲಿ ಅಂಗವಿಕಲರ ಹಕ್ಕುಗಳ ಅಧಿನಿಯಮ 2016ರದು. ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯದ ಸಾರ್ವತ್ರಿಕ ಸುಗಮ್ಯತೆಯ ಮಾರ್ಗಸೂಚಿ 2021ರದು. ಕಟ್ಟಡಗಳ ವಿಷಯದಲ್ಲಿ ಇವೆರಡೂ ಮುಖ್ಯವಾಗಿ ಸಾರ್ವಜನಿಕ ಕಟ್ಟಡಗಳನ್ನು ಕುರಿತವು. ಸ್ವಂತ ಮನೆಯ ಸ್ನಾನದ ಕೋಣೆಯನ್ನು ಪರೀಕ್ಷಿಸಲು ಯಾವ ಅಧಿಕಾರಿಯೂ ಬರುವುದಿಲ್ಲ.

ಬಾಗಿಲಿನ ವಿಷಯ ಸಣ್ಣದು, ಮರೆಯತಕ್ಕದ್ದಲ್ಲ. ಸ್ನಾನದ ಮನೆಯ ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ, ಒಳಗೆ ಬಿದ್ದವರ ದೇಹವೇ ಅಡ್ಡವಾಗಿ ನೆರವಿಗೆ ಬಂದವರು ಹೊರಗುಳಿಯುತ್ತಾರೆ. ಹೊರಕ್ಕೆ ತೆರೆಯಲಿ, ಅಥವಾ ಪಕ್ಕಕ್ಕೆ ಸರಿಯಲಿ, 90 ಸೆಂ.ಮೀ. ಅಗಲವಿರಲಿ; ಚಿಲಕವನ್ನು ಹೊರಗಿನಿಂದಲೂ ತೆಗೆಯುವಂತಿರಲಿ. ಅನೇಕ ರೆಂಡರುಗಳಲ್ಲಿ, ನೋಟಕ್ಕೆ ಅಡ್ಡಿಯೆಂದು, ಬಾಗಿಲನ್ನೇ ಬಿಟ್ಟಿರುತ್ತಾರೆ.

ಮನೆ ಕಟ್ಟಿಸುವವರಲ್ಲಿ ವಿನಂತಿ ಇಷ್ಟೇ. ಬಿಸಿಲು ಬಿದ್ದ ಆ ಒಂದು ಸುಂದರ ಚಿತ್ರದ ಜೊತೆಗೆ ಇನ್ನೆರಡನ್ನು ಕೇಳಿ ಪಡೆಯಿರಿ: ಕುಳಿತವರ ಕಣ್ಣಿನ ಎತ್ತರದಿಂದ, ನೆಲದಿಂದ 115 ಸೆಂ.ಮೀ. ಮೇಲಿಂದ ಕಂಡದ್ದು ಒಂದು; ರಾತ್ರಿ, ಮಂಚದ ಕೆಳಗಿನ ಒಂದೇ ಮಂದದೀಪದಲ್ಲಿ ಮಂಚದಿಂದ ಕಮೋಡಿನವರೆಗಿನ ಹಾದಿ ಇನ್ನೊಂದು. ಇಳಿಜಾರಿನ ಉದ್ದ, ಹಿಡಿಕೆಯ ಎತ್ತರ, ತಿರುಗುವ ವೃತ್ತ ಇವುಗಳ ಅಂಕೆಗಳನ್ನು ಚಿತ್ರದ ಮೇಲೆಯೇ ಬರೆಸಿಕೊಳ್ಳಿರಿ. ಗೋಡೆಗೆ ಗಾರೆ ಬಳಿಯುವ ಹಿಂದಿನ ದಿನ ಕಾಂಕ್ರೀಟ್ ಪಟ್ಟಿಯ ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಒಂದು ಫೋಟೋ ತೆಗೆದು, ಮನೆಯ ಪತ್ರಗಳೊಡನೆ ಇಟ್ಟುಕೊಳ್ಳಿರಿ. ಟೈಲು ಹಾಕಿದಮೇಲೆ ಆ ಪಟ್ಟಿ ಎಲ್ಲಿದೆಯೆಂದು ಹೇಳಲು ಮೇಸ್ತ್ರಿಯೂ ಸಿಗುವುದಿಲ್ಲ.